ತೂಕದ ಮಷಿನ್‌ನಲ್ಲಿ ಮೈನಸ್ ನೋಡಿದ್ದೀರಾ?

ತೂಕ ಹಾಕಿಸ್ಕೊಳ್ಳೋವಾಗ ಎಲ್ರೂ ಸಾಮಾನು ಇಟ್ಮೇಲೆ ಬರೋ ನಂಬರ್ ನೋಡ್ತಾರೆ, ನಾನು ನೋಡೋದು ಅದಕ್ಕಿಂತ ಮುಂಚೆ ಮತ್ತೆ ಆಮೇಲೆ. ಖಾಲಿ ಡಬ್ಬ ಇಟ್ಟು, ಡಬ್ಬದ ತೂಕ ಕಳೆಯೋ ಟೇರ್ ಬಟನ್ ಒತ್ತಿದ್ರೆ ಡಬ್ಬ ಇರುವಾಗ್ಲೇ 0 ತೋರಿಸ್ಬೇಕು, ಆಮೇಲೆ ಸಾಮಾನು ತುಂಬಿ, ತೂಕ ಆಗಿ, ಎಲ್ಲಾ ಎತ್ತಿದ್ಮೇಲೆ ಡಬ್ಬದ ತೂಕ ಮೈನಸ್‌ನಲ್ಲಿ ಬರುತ್ತೆ. ಡಬ್ಬ 60 ಗ್ರಾಂ ಇದ್ರೆ -60. ಆದ್ರೆ ಕೆಲವು ಮಷಿನ್ ಎತ್ತಿದ ತಕ್ಷಣ ಟೇರ್ ತಾನೇ ಕ್ಲಿಯರ್ ಮಾಡುತ್ತೆ, ಹಾಗಾಗಿ ಕೊನೇಲಿ 0 ಬಂತು ಅಂತ ಜಗಳಕ್ಕೆ ಇಳೀಬೇಡಿ, ಖಾಲಿ ಡಬ್ಬ ಇಟ್ಟಾಗ ಏನಿತ್ತು ಅನ್ನೋದೇ ಮುಖ್ಯ.

60 ಗ್ರಾಂ ತಾನೇ ಅನ್ಸುತ್ತೆ. ಟೇರ್ ಮಾಡ್ದೇ 500 ತೋರಿಸಿದ್ರೆ ಕೈಗೆ ಸಿಕ್ಕಿದ್ದು 440, ದುಡ್ಡು ಕೊಟ್ಟಿದ್ದು 500ಕ್ಕೆ, ಅಂದ್ರೆ ಕಿಲೋ ರೇಟ್ ಸುಮಾರು 13.6% ಜಾಸ್ತಿ ಬಿತ್ತು! ಅದೇ ಡಬ್ಬದಲ್ಲಿ 5 ಕಿಲೋ ತಗೊಂಡ್ರೆ ಬರೀ 1.2%. ಕಮ್ಮಿ ತಗೊಳ್ಳೋರಿಗೇ ಹೊಡೆತ ಜಾಸ್ತಿ, ಇದು ಯಾಕೋ ಯಾರೂ ಹೇಳಲ್ಲ.

ಇನ್ನೊಂದು, ಟೇರ್ ಸರಿ ಇದ್ದ ಮಾತ್ರಕ್ಕೆ ಮಷಿನ್ ಸರಿ ಇದೆ ಅಂತಲ್ಲ. ಖಾಲಿ ಇದ್ದಾಗ 0 ತೋರಿಸಿ ಭಾರ ಹಾಕಿದ್ಮೇಲೆ ತಪ್ಪು ತೋರಿಸೋವೂ ಇವೆ. ಸೀಲ್ ಒಡೀದ 1 ಕಿಲೋ ಪ್ಯಾಕೆಟ್ ಇಟ್ಟು ನೋಡಿ, ಕವರ್ ತೂಕವೂ ಸೇರಿ 1000ಕ್ಕಿಂತ ಸ್ವಲ್ಪ ಜಾಸ್ತಿ ಬರಬೇಕು. 10-20 ಗ್ರಾಂ ಆಚೀಚೆ ಆದ್ರೆ ಬಿಡಿ, ಪ್ಯಾಕೆಟ್ಟೇ ಹಾಗಿರ್ಬಹುದು. 1080 ಬಂದ್ರೆ ಇನ್ನೊಂದು ಪ್ಯಾಕೆಟ್ ಇಟ್ಟು ನೋಡಿ, ಅದೂ ಹಾಗೇ ಬಂದ್ರೆ ಬೇರೆ ಮಷಿನ್‌ನಲ್ಲಿ ಹಾಕಿ ಅನ್ನಿ.