ಪೋರ್ಷನ್‌ಗೆ ಮೊದಲು 502ರಿಂದ 168

"ಟೀಚರ್, ನನ್ನ ಮಗಳು ಆರನೇ ಕ್ಲಾಸು. ನೀವು ನೋಡಿದ್ರೆ ಮೂರನೇ ಕ್ಲಾಸಿನ ಕಳೆಯೋ ಲೆಕ್ಕ ಮಾಡಿಸ್ತಾ ಕೂತಿದೀರಿ. ಪೋರ್ಷನ್ ಯಾವಾಗ ಶುರು ಮಾಡ್ತೀರಿ?"

ಕಳೆಯೋ ಲೆಕ್ಕ ಸರಿಹೋದ ದಿನ. ಅಲ್ಲಿಯವರೆಗೆ ಪೋರ್ಷನ್ ಮಾಡಿಸಿದರೆ ಅವಳು ಬೋರ್ಡಿನಲ್ಲಿ ಇರೋದನ್ನ ನೋಟ್ಸಿಗೆ ಇಳಿಸಿಕೊಳ್ಳುತ್ತಾಳೆ, ಅಷ್ಟೆ. ಅದನ್ನು ಸ್ಕೂಲಿನಲ್ಲೇ ಮಾಡುತ್ತಿದ್ದಾಳೆ, ನನ್ನ ಹತ್ತಿರ ಟ್ಯೂಷನ್‌ಗೆ ಬರೋ ಅಗತ್ಯವಿಲ್ಲ.

ಗೇಟಿನ ಹತ್ತಿರ ಎರಡು ನಿಮಿಷ ನಿಂತು ಇದನ್ನೆಲ್ಲ ಬಿಡಿಸಿ ಹೇಳೋಕೆ ಆಗಲ್ಲ. ಕೇಳೋ ಅಪ್ಪ ಅಮ್ಮಂದಿರಿಗೆ ಕೆಲಸದ ಅವಸರ, ನನಗೆ ಒಳಗೆ ಮಕ್ಕಳು ಕಾಯುತ್ತಿರುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸದಾಗಿ ಬಂದ ಮಗುವಿಗೆ ನಾನು ಮೊದಲು ಕೊಡೋದು ಒಂದೇ ಲೆಕ್ಕ, 502ರಿಂದ 168 ಕಳೆ ಅಂತ. ಸರಿಯುತ್ತರ 334. ಆರು, ಏಳನೇ ಕ್ಲಾಸಿನ ಎಷ್ಟೋ ಮಕ್ಕಳಿಗೆ ಅದು ಬರುವುದಿಲ್ಲ. ಬಂದ ತಪ್ಪು ಯಾವುದು ಅನ್ನೋದನ್ನು ಮಾತ್ರ ನಾನು ತುಂಬಾ ಗಮನವಿಟ್ಟು ನೋಡುತ್ತೇನೆ. ತಪ್ಪು ಅಂತ ಕೆಂಪು ಇಂಕಿನಲ್ಲಿ ಗೀಟು ಹಾಕಿಬಿಟ್ಟರೆ ಮಗುವಿನ ತಲೆಯೊಳಗೆ ಏನು ನಡೆಯಿತು ಅನ್ನೋದು ಅಲ್ಲೇ ಮುಚ್ಚಿಹೋಗುತ್ತದೆ.

ಒಂದು ಮಗು 466 ಅಂತ ಬರೆಯುತ್ತದೆ. ಹೇಗೆ ಬಂತು ನೋಡಿ. 2ರಲ್ಲಿ 8 ಹೋಗಲ್ಲ ಅಂತ ತಿರುಗಿಸಿ 8ರಲ್ಲಿ 2 ಕಳೆದಿದೆ, 6. ಸೊನ್ನೆಯಲ್ಲಿ 6 ಹೋಗಲ್ಲ, ತಿರುಗಿಸಿದರೆ 6. ಆಮೇಲೆ 5ರಲ್ಲಿ 1 ಹೋದರೆ 4. ಈ ಮಗುವಿಗೆ ಕಳೆಯೋದು ಅಂದರೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ತೆಗೆಯೋದು, ಅಷ್ಟೇ. 502 ಅನ್ನೋ ಇಡೀ ಸಂಖ್ಯೆ ಅದಕ್ಕೆ ಕಾಣುತ್ತಲೇ ಇಲ್ಲ, ಮೂರು ಬೇರೆ ಬೇರೆ ಲೆಕ್ಕಗಳು ಕಾಣುತ್ತಿವೆ.

ಇನ್ನೊಂದು ಮಗು 434 ಬರೆಯುತ್ತದೆ. ಅದಕ್ಕೆ ದಶಕ ತಗೊಳ್ಳೋದು ಗೊತ್ತು. 2 ಅನ್ನು 12 ಮಾಡಿದೆ, ಸೊನ್ನೆಯನ್ನು 9 ಮಾಡಿದೆ, ಆದರೆ 5 ಅನ್ನು 4 ಮಾಡಿಲ್ಲ. ಸೊನ್ನೆ ಇದ್ದ ಕಡೆ 9 ಬರೆಯಬೇಕು ಅಂತ ಯಾರೋ ಹೇಳಿಕೊಟ್ಟಿದ್ದು ನೆನಪಿದೆ, ಆ 9 ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಮೂರನೆಯದು 364. ಇಲ್ಲಿ ಮಗು ಸೊನ್ನೆಯನ್ನು ದಾಟಿ ನೇರವಾಗಿ ನೂರರ ಮನೆಯಿಂದ 1 ತಂದು ಬಿಡಿ ಸ್ಥಾನಕ್ಕೆ ಹಾಕಿಕೊಂಡಿದೆ, ನಡುವಿನ ಸೊನ್ನೆ ಹಾಗೇ ಉಳಿದಿದೆ, ಅಲ್ಲಿ ಮತ್ತೆ ತಿರುಗಿಸಿ ಕಳೆದಿದೆ.

ಮೂವರಿಗೂ ಮಾರ್ಕ್ಸ್ ಸೊನ್ನೆಯೇ. ಆದರೆ ಮೂವರಿಗೂ ಒಂದೇ ಪಾಠ ಮಾಡಿದರೆ ಇಬ್ಬರಿಗೆ ಅದು ಸುಮ್ನೆ ಕೂತಿದ್ದ ಹಾಗೆ. 466 ಬರೆದವರನ್ನು ನಾನು ಇನ್ನೂ ಹಿಂದಕ್ಕೆ ಕರೆದುಕೊಂಡು ಹೋಗಬೇಕು, ಕಡ್ಡಿ ಕಟ್ಟಿನ ಹತ್ತಿರ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡು. 42 ಕಡ್ಡಿಯಲ್ಲಿ 8 ಕೊಡು ಅಂದಾಗ ಕೈಯಲ್ಲಿ ಬಿಡಿ ಕಡ್ಡಿ ಎರಡೇ ಇರುತ್ತವೆ, ಒಂದು ಕಟ್ಟು ಬಿಚ್ಚದೇ ಗತಿಯಿಲ್ಲ. ಬಿಚ್ಚಿದ ಮೇಲೆ ಕಟ್ಟು ಮೂರೇ ಉಳಿಯೋದು ಕಣ್ಣೆದುರಿಗೇ ಕಾಣುತ್ತದೆ. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಅವರ ಕೈಯೇ ಆ ರಬ್ಬರ್ ಬ್ಯಾಂಡ್ ಬಿಚ್ಚಬೇಕು.

ನೀವು ಕೇಳಿದ ಆರನೇ ಕ್ಲಾಸಿನ ಹುಡುಗಿಯಂಥವರು ಜಾಸ್ತಿ 434ರ ಗುಂಪಿನವರು. ಅವರು ಕಲಿತಿರೋದು "ಪಕ್ಕದ ಮನೆಯಲ್ಲಿ ಸಾಲ ತಗೋ" ಅನ್ನೋ ಮಾತು. ಪಕ್ಕದ ಮನೆಯಲ್ಲಿ ಏನಾದರೂ ಇರೋವರೆಗೆ ಆ ಮಾತು ನಡೆಯುತ್ತದೆ. ಸೊನ್ನೆ ಬಂದ ತಕ್ಷಣ ಕೈಕೊಡುತ್ತದೆ. ಅಂಥವರಿಗೆ ನಾನು ಆಟದ ನೋಟು ಕೊಡುತ್ತೇನೆ. ರಟ್ಟಿನಲ್ಲಿ ಮಾಡಿಟ್ಟುಕೊಂಡಿರೋ ನೂರರ, ಹತ್ತರ ನೋಟುಗಳು, ಒಂದು ರೂಪಾಯಿಗೆ ಹುಣಸೆ ಬೀಜ. 502 ಅಂದರೆ ಐದು ನೂರರ ನೋಟು, ಎರಡು ಬೀಜ. ಹತ್ತರ ನೋಟು ಒಂದೂ ಇಲ್ಲ. ಅಂಗಡಿಯವನಿಗೆ 168 ಕೊಡಬೇಕು, ಸರಿಯಾಗಿ ಅಷ್ಟೇ, ಅವನ ಹತ್ತಿರ ಚಿಲ್ಲರೆ ಇಲ್ಲ.

ಹುಡುಗಿ ಮೊದಲು ಬೀಜ ನೋಡುತ್ತಾಳೆ, ಎಂಟು ಬೇಕು, ಇರೋದು ಎರಡು. ಹತ್ತರ ನೋಟು ಮುರಿಸೋಣ ಅಂದರೆ ಇಲ್ಲ. ಸುಮಾರು ಹೊತ್ತು ನೋಡುತ್ತಾ ಕೂರುತ್ತಾಳೆ, ಆಗ ನಾನು ಬಾಯಿ ಬಿಡುವುದಿಲ್ಲ. ಆಮೇಲೆ ತಾನೇ ಒಂದು ನೂರರ ನೋಟು ತಂದು "ಚಿಲ್ಲರೆ ಕೊಡಿ ಟೀಚರ್" ಅನ್ನುತ್ತಾಳೆ. ಹತ್ತರ ಹತ್ತು ನೋಟು ಕೊಡುತ್ತೇನೆ. ಅದರಲ್ಲಿ ಒಂದನ್ನು ಮತ್ತೆ ತಂದು ಬೀಜ ಮಾಡಿಸಿಕೊಳ್ಳುತ್ತಾಳೆ. ಈಗ ಅವಳ ಮುಂದೆ ನೂರರ ನಾಲ್ಕು ನೋಟು, ಹತ್ತರ ಒಂಬತ್ತು, ಹನ್ನೆರಡು ಬೀಜ. ಆ ಒಂಬತ್ತು ಎಲ್ಲಿಂದ ಬಂತು ಅಂತ ಈಗ ಹೇಳಬೇಕಾಗಿಲ್ಲ. ಐದು ಇದ್ದದ್ದು ನಾಲ್ಕಾಗಿದ್ದೂ ಅವಳ ಕೈಯಿಂದಲೇ ಆಗಿದೆ. ಕೊಟ್ಟು ಉಳಿದದ್ದನ್ನು ಎಣಿಸಿದರೆ 334.

ಇದಾದ ಮೇಲೆ ನೋಟು ಎತ್ತಿಟ್ಟು ತಕ್ಷಣ ಪುಸ್ತಕಕ್ಕೆ ಹೋದರೆ ಮತ್ತೆ ಹಳೇ ತಪ್ಪೇ ಬರುತ್ತದೆ. ಕೆಲವು ದಿನ ಎರಡೂ ಜೊತೆಯಲ್ಲೇ ಸಾಗಬೇಕು, ಒಂದು ನೋಟು ಮುರಿಸಿದರೆ ಕಾಗದದ ಮೇಲೂ ಒಂದು ಗುರುತು. ಆಮೇಲೆ ನೋಟು ದೂರ ಇಟ್ಟು, ಅಂಕಿ ಬರೆಯುವಾಗ ಏನು ಮುರಿಸಿದೆ ಅಂತ ಬಾಯಲ್ಲಿ ಹೇಳಿಸುತ್ತೇನೆ. 1000ದಿಂದ 347 ಕಳೆ ಅಂದಾಗ ಎಡಗಡೆಯಿಂದ ಒಂದೊಂದೇ ಮುರಿಸಿಕೊಂಡು ಬಂದು 653 ಬರೆದರೆ, ಯಾಕೆ ಹಾಗೆ ಅಂತ ಪಕ್ಕದವಳಿಗೆ ಹೇಳಿಕೊಟ್ಟರೆ, ಅವಳಿಗೆ ಬಂತು ಅಂತ ಲೆಕ್ಕ. ಆಗಲೂ ಸುಮಾರು ಮೂರು ವಾರ ಬಿಟ್ಟು, ಹೇಳದೇ ಕೇಳದೇ ಬೇರೆ ಲೆಕ್ಕಗಳ ನಡುವೆ ಇಂಥದ್ದೊಂದನ್ನು ಸೇರಿಸುತ್ತೇನೆ. ಅವತ್ತು ಸರಿ ಬಂದರೆ ಮಾತ್ರ ಮುಂದಕ್ಕೆ.

ಮುಂದೆ ಅಂದರೆ ನಿಮ್ಮ ಪೋರ್ಷನ್ನೇ. 5 ಮೀಟರ್ 2 ಸೆಂಟಿಮೀಟರ್ ರಿಬ್ಬನ್ನಿನಲ್ಲಿ 1 ಮೀಟರ್ 68 ಸೆಂಟಿಮೀಟರ್ ಕತ್ತರಿಸಿದರೆ ಎಷ್ಟು ಉಳಿಯಿತು? 5.02ರಿಂದ 1.68 ಕಳೆದರೆ 3.34. ಅದೇ ಅಂಕಿ, ಅದೇ ಮುರಿಸೋದು, ನಡುವೆ ಒಂದು ಚುಕ್ಕಿ ಬಂತು. ದಶಮಾಂಶ ಅಂದರೆ ಹೆದರುತ್ತಿದ್ದವರು ಇದನ್ನು ತಾವೇ ಮಾಡಿಬಿಡುತ್ತಾರೆ. ಭಾಗಾಕಾರದಲ್ಲೂ ಹಾಗೇ, ಮಗ್ಗಿ ಬರುತ್ತೆ, ಆದರೂ ಉತ್ತರ ತಪ್ಪು ಅಂತ ಬರುವ ಮಕ್ಕಳ ಪುಸ್ತಕ ನೋಡಿದರೆ ಎಷ್ಟೋ ಸಲ ತಪ್ಪಿರೋದು ಮಧ್ಯದ ಕಳೆಯೋ ಲೆಕ್ಕ.

ಕ್ಲಾಸು ನೋಡದೇ, ಮಗು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಶುರು ಮಾಡೋದನ್ನ ನಾನು ಹೊಸದಾಗಿ ಕಂಡುಹಿಡಿದಿಲ್ಲ. ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿಯಲ್ಲಿ ಪಾಠ ಮಾಡಿದವಳು ನಾನು. ಅಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ತಟ್ಟೆ ಅಂತ ಕರೆಯೋ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಯವರ ಜೊತೆ ಟೀಚರ್ ಪೂರ್ತಿ ಇರುತ್ತಾರೆ, ಒಂದು ತಟ್ಟೆಯವರಿಗೆ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ, ಒಂದು ತಟ್ಟೆಯವರು ತಾವೇ ಮಾಡಿಕೊಳ್ಳುತ್ತಾರೆ. ಮಗು ಕಲಿಕಾ ಏಣಿಯಲ್ಲಿ ಎಲ್ಲಿಗೆ ನಿಲ್ಲಿಸಿತ್ತೋ ನಾಳೆ ಅಲ್ಲಿಂದಲೇ ಶುರು. ಒಂದು ವಾರ ಜ್ವರ ಬಂದು ಮಲಗಿದ್ದರೂ ಅದರ ಜಾಗ ಅದಕ್ಕೆ ಇರುತ್ತದೆ. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪಾಠ, ಒಂದೇ ದಿನ. ಏಣಿಯಲ್ಲಿ ಹಿಂದೆ ಉಳಿದಿದ್ದವರು ಅಲ್ಲಿ ಕಾಣದಂತಾಗುತ್ತಾರೆ. ಕ್ಲಾಸಿನಲ್ಲಿ 45 ಮಕ್ಕಳಿದ್ದು, ಪೀರಿಯಡ್ 40 ನಿಮಿಷ ಇದ್ದಾಗ ಯಾರು ಎಲ್ಲಿ ನಿಂತಿದ್ದಾರೆ ಅಂತ ಟೀಚರಿಗೆ ಗೊತ್ತಿದ್ದರೂ ಬೆಲ್ ಕಾಯೋದಿಲ್ಲ.

ಈಗ ನನ್ನ ಪಡಸಾಲೆಯಲ್ಲಿ 20ರ ಒಳಗೆ ಮಕ್ಕಳು, ಸಂಜೆ ನಾಲ್ಕೂವರೆಯಿಂದ ಆರೂವರೆ. ನಾಲ್ಕರಿಂದ ಏಳನೇ ಕ್ಲಾಸಿನವರು, ಕೂರೋದು ಕ್ಲಾಸಿನ ಪ್ರಕಾರ ಅಲ್ಲ. ಏಳನೇ ಕ್ಲಾಸಿನ ಹುಡುಗ ನಾಲ್ಕನೇ ಕ್ಲಾಸಿನವನ ಪಕ್ಕ ಕೂತು ಕಡ್ಡಿ ಎಣಿಸಬೇಕಾಗುತ್ತದೆ, ಅವನಿಗೆ ನಾಚಿಕೆ ಆಗೇ ಆಗುತ್ತದೆ. ಅದಕ್ಕೆ ಅವನಿಗೆ ಬರೋದು ಏನು ಅಂತಲೂ ಮೊದಲ ವಾರದಲ್ಲೇ ಹುಡುಕುತ್ತೇನೆ. ಓದು ಚೆನ್ನಾಗಿದ್ದರೆ ಚಿಕ್ಕವರ ಓದಿನ ಗುಂಪು ಅವನದ್ದು. ಒತ್ತಕ್ಷರದಲ್ಲಿ ಎಡವೋ ಚಿಕ್ಕವರು ತುಂಬಾ ಇದ್ದಾರೆ, ಅದರಲ್ಲೂ ಅರ್ಕಾವತ್ತು. "ಸೂರ್ಯ" ಅನ್ನೋದರಲ್ಲಿ ರ ಮೊದಲು ಕೇಳಿಸುತ್ತದೆ, ಬರಹದಲ್ಲಿ ಯ ಆದಮೇಲೆ ಕಾಣುತ್ತದೆ. ಕಂಡ ಹಾಗೆ ಓದೋ ಮಗು "ಸೂಯರ" ಅನ್ನುತ್ತದೆ, ಅದರ ಮಟ್ಟಿಗೆ ಅದು ಸರಿಯಾಗಿಯೇ ಓದಿದೆ. ಅದನ್ನು ಹಿಡಿದು ತಿದ್ದೋ ಕೆಲಸ ಈ ಏಳನೇ ಕ್ಲಾಸಿನವನು ನನಗಿಂತ ಚೆನ್ನಾಗಿ ಮಾಡುತ್ತಾನೆ.

ಹೋಮ್‌ವರ್ಕ್ ವಿಷಯಕ್ಕೂ ಜಗಳ ಇದ್ದೇ ಇದೆ. ಕೊನೆಯ ಅರ್ಧ ಗಂಟೆ ಅದಕ್ಕೆ ಅಂತಲೇ ಬಿಡುತ್ತೇನೆ, ಉತ್ತರ ಮಾತ್ರ ಹೇಳಿಕೊಡುವುದಿಲ್ಲ. ಮೊದಲ ಟೆಸ್ಟಿನಲ್ಲಿ ಮಾರ್ಕ್ಸ್ ಏರದೇ ಇರಬಹುದು, ಅದನ್ನು ಸೇರಿಸಿಕೊಳ್ಳುವಾಗಲೇ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿಗೆ ಮೂರು ತಿಂಗಳು ಇರುವಾಗ ಬಂದವರನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಆಗ ಅವರಿಗೆ ಬೇಕಾಗಿರೋದು ಹಳೇ ಪ್ರಶ್ನೆಪತ್ರಿಕೆ ಬರೆಸಿ ಬರೆಸಿ ತಯಾರು ಮಾಡುವವರು, ಹಿಂದಕ್ಕೆ ಹೋಗಿ ಕಟ್ಟೋಕೆ ಸಮಯ ಇರೋದಿಲ್ಲ.

ನನ್ನ ಕೈಲಿ ಆಗದ ಇನ್ನೊಂದು ಇದೆ. ಎಷ್ಟೇ ತಿದ್ದಿದರೂ ಓದುವಾಗ ಅಕ್ಷರ ಅದಲುಬದಲಾಗುತ್ತಲೇ ಇದ್ದರೆ, ಬಾಯಲ್ಲಿ ಚುರುಕಾಗಿ ಹೇಳೋದನ್ನು ಬರೆಯೋಕೆ ಕೂತರೆ ಒದ್ದಾಡುತ್ತಿದ್ದರೆ, ಮೊದಲು ಕಣ್ಣು ಮತ್ತು ಕಿವಿ ತೋರಿಸಿಕೊಂಡು ಬನ್ನಿ ಅನ್ನುತ್ತೇನೆ. ಅವೆರಡೂ ಸರಿಯಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕಳಿಸುತ್ತೇನೆ, ಕಲಿಕೆಯ ತೊಂದರೆ ಇದೆಯಾ ಅಂತ ಅಲ್ಲಿ ಪರೀಕ್ಷೆ ಮಾಡುತ್ತಾರೆ. "ನನ್ನ ಮಗುಗೆ ಏನೂ ಆಗಿಲ್ಲ" ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ದಯವಿಟ್ಟು ಹೋಗಿ ಬನ್ನಿ, ಸೋಮಾರಿ ಅಂತ ಬೈಸಿಕೊಂಡು ವರ್ಷಗಟ್ಟಲೆ ಕೂತಿರೋ ಮಕ್ಕಳನ್ನು ನಾನು ನೋಡಿದ್ದೇನೆ.

ಸೇರಿಸೋಕೆ ಬರುವಾಗ ಹೊಸ ನೋಟ್‌ಬುಕ್ ತರಬೇಡಿ. ಹೋದ ವರ್ಷದ ಲೆಕ್ಕದ ಪುಸ್ತಕ ತನ್ನಿ, ತಪ್ಪುಗಳನ್ನು ಅಳಿಸದೇ, ಹರಿದಿದ್ದರೂ ಪರವಾಗಿಲ್ಲ.