ಮುದ್ರೆ ಅಳಿಸಲು ಹೋಗಿ ಮೈನಸ್ ಅಳಿಸಿದ್ದು

ಉಡುಪಿಯ ಕಲ್ಸಂಕದ ಬಳಿ ನಮ್ಮದೊಂದು ಪುಟ್ಟ ಕಚೇರಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಧ್ಯಾಯವಾರು ಬಿಡಿಸಿ, ಪ್ರಶ್ನೆಕೋಶ ಮಾಡಿ ಕಾಲೇಜುಗಳಿಗೆ ಕೊಡುವುದು ಕೆಲಸ. ಪತ್ರಿಕೆ ನಮ್ಮ ಕೈಗೆ ಬರುವಷ್ಟರಲ್ಲಿ ನಾಲ್ಕಾರು ಕೈ ದಾಟಿರುತ್ತದೆ. ದಾಟಿದ ಪ್ರತಿಯೊಂದು ಕೈಯೂ ತನ್ನ ಗುರುತು ಬಿಟ್ಟಿರುತ್ತದೆ: ಪುಟದ ಉದ್ದಗಲಕ್ಕೆ ಓರೆಯಾಗಿ ಹಾದ ಬೂದು ವಾಟರ್‌ಮಾರ್ಕ್, ಮೂಲೆಯಲ್ಲಿ ನೀಲಿ ಸೀಲು, ಬುಡದಲ್ಲಿ ‘ಪ್ರವೇಶಾತಿ ಆರಂಭವಾಗಿದೆ’ ಎಂಬ ಪಟ್ಟಿ ಮತ್ತು ಫೋನ್ ನಂಬರು. ಸಿಇಟಿ ಭೌತಶಾಸ್ತ್ರದ 60 ಪ್ರಶ್ನೆಗಳಲ್ಲಿ ಇಪ್ಪತ್ತರ ಮೇಲಾದರೂ ಯಾರದೋ ಹೆಸರು ಮಲಗಿರುವುದು ಮಾಮೂಲು.

ಸೇರಿದ ಹೊಸತರಲ್ಲಿ ಇದನ್ನೆಲ್ಲ ಒರೆಸಿ ಹಾಕುವ ಉತ್ಸಾಹ ನನಗೆ ಬಹಳ ಇತ್ತು. ಪುಟವನ್ನು ಥ್ರೆಶೋಲ್ಡ್ ಮಾಡಿದರೆ ಆಯಿತು ಎಂದುಕೊಂಡಿದ್ದೆ. ಅಂದರೆ, ಇಷ್ಟಕ್ಕಿಂತ ತಿಳಿಯಾದ ಚುಕ್ಕೆಗಳೆಲ್ಲ ಬಿಳಿ, ಉಳಿದವೆಲ್ಲ ಕಪ್ಪು. ಬೂದು ಹೆಸರು ಮಾಯವಾಗಿ ಪುಟ ಆಗಷ್ಟೇ ಅಚ್ಚಾದಂತೆ ಕಾಣುತ್ತಿತ್ತು. ಹಾಗೆ ತೊಳೆದ ಪತ್ರಿಕೆಯೊಂದನ್ನು ನಮ್ಮಲ್ಲಿ ತಿದ್ದುಪಡಿ ನೋಡುವ ನಿವೃತ್ತ ಮಾಸ್ಟ್ರಿಗೆ ಕಳಿಸಿದೆ. ಸಂಜೆ ಅವರ ಫೋನ್ ಬಂತು. “ಎಂಥದು ಮಾರಾಯರೇ ಇದು, ಒಂದೇ ಉತ್ತರ ಎರಡು ಕಡೆ ಕೊಟ್ಟಿದ್ದೀರಿ?”

ಪ್ರಶ್ನೆ ಸರಳವಾದದ್ದು. 20 ಸೆಂ.ಮೀ. ಸಂಗಮದೂರದ ನಿಮ್ನ ಮಸೂರ, ಅದರಿಂದ 30 ಸೆಂ.ಮೀ. ದೂರದಲ್ಲಿ ವಸ್ತು, ಬಿಂಬದ ಸ್ಥಾನವನ್ನು ಚಿಹ್ನೆ ಸಹಿತ ಹೇಳಬೇಕು. ನಾನು ಕಳಿಸಿದ ಪ್ರತಿಯಲ್ಲಿ ಆಯ್ಕೆಗಳು ಹೀಗಿದ್ದವು: 12, 12, 60, −60. ಲೆಕ್ಕ ಹಾಕಿದರೆ

```
1/v = 1/f + 1/u = −1/20 − 1/30 = −1/12
```

ಉತ್ತರ −12. ಮೂಲ ಪುಟದಲ್ಲಿ ಎರಡನೆಯ ಆಯ್ಕೆ −12 ಎಂದೇ ಇತ್ತು. ಆ ಮೈನಸ್ಸನ್ನು ನಾನೇ ತೆಗೆದುಹಾಕಿದ್ದೆ. ಸರಿಯುತ್ತರವೇ ಪುಟದಲ್ಲಿ ಇಲ್ಲದಂತಾಗಿತ್ತು. ಎರಡು ಆಯ್ಕೆಗಳು ಒಂದೇ ಆಗಿಬಿಟ್ಟದ್ದರಿಂದ ಸಿಕ್ಕಿಬಿದ್ದೆ. ಮೊದಲ ಆಯ್ಕೆ 12ರ ಬದಲು 15 ಆಗಿದ್ದರೆ ಯಾರ ಕಣ್ಣಿಗೂ ಬೀಳದೆ ಅಚ್ಚಿಗೆ ಹೋಗುತ್ತಿತ್ತು.

ಕೊನೆಯ ಆಯ್ಕೆಯ ಮೈನಸ್ ಉಳಿದು ಇದು ಮಾತ್ರ ಹೋದದ್ದು ಏಕೆ ಎಂದು ಮರುದಿನ ಮೂಲ ಪುಟವನ್ನು ಹಿಗ್ಗಿಸಿ ನೋಡಿದೆ. ಬೂದು ಪ್ರಮಾಣದಲ್ಲಿ 0 ಎಂದರೆ ಕಡುಗಪ್ಪು, 255 ಎಂದರೆ ಬಿಳಿ. ಪತ್ರಿಕೆಯ ಅಕ್ಷರಗಳು 40ರ ಆಸುಪಾಸಿನಲ್ಲಿದ್ದವು, ವಾಟರ್‌ಮಾರ್ಕ್ 215ರ ಹತ್ತಿರ. ಇಷ್ಟು ಅಂತರವಿದ್ದರೆ ಬೇರ್ಪಡಿಸುವುದು ಸುಲಭವೇ. ಆದರೆ ಮೈನಸ್ ಗೆರೆ ಅಕ್ಷರದಷ್ಟು ದಪ್ಪವಿರುವುದಿಲ್ಲ. 200 ಡಿಪಿಐ ಸ್ಕ್ಯಾನಿನಲ್ಲಿ ಅದಕ್ಕೆ ಸಿಗುವುದು ಒಂದೂವರೆ ಪಿಕ್ಸೆಲ್ ಮಾತ್ರ. ಗೆರೆ ಎರಡು ಪಿಕ್ಸೆಲ್ ಸಾಲುಗಳ ನಡುವೆ ಬಿದ್ದರೆ ಅದರ ಕಪ್ಪು ಎರಡಕ್ಕೂ ಹಂಚಿಹೋಗುತ್ತದೆ. ಮೇಲೆ ಅರೆಪಾರದರ್ಶಕ ಹೆಸರು ಬೇರೆ ಹಾದುಹೋಗಿ, ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕುಗ್ಗಿ ಬಂದ ಪುಟ ಅದು. ನನ್ನ ಮೈನಸ್ 150ಕ್ಕೆ ಬಂದು ಕುಳಿತಿತ್ತು. ನಾನು ಗಡಿ ಇಟ್ಟಿದ್ದು 128ಕ್ಕೆ. ಬೂದು ಹೆಸರಿನ ಜೊತೆಯಲ್ಲಿ ಅದೂ ಹೊರಟುಹೋಯಿತು.

ಗಡಿಯನ್ನು ಮೇಲಕ್ಕೇರಿಸಿದರೆ ಮೈನಸ್ ಉಳಿಯುತ್ತದೆ, ನಿಜ. ಆದರೆ ವಾಟರ್‌ಮಾರ್ಕಿನ ಅಂಚುಗಳೂ ಅಲ್ಲಲ್ಲಿ ಕಡುಗಪ್ಪಾಗಿ ನಿಂತು, ಇಲ್ಲದ ಮೈನಸ್ಸುಗಳು ಹುಟ್ಟಿಕೊಳ್ಳುತ್ತವೆ. ಹಾಗಾಗಿ ಈಗ ಥ್ರೆಶೋಲ್ಡ್ ಬಿಟ್ಟು ಇಮೇಜ್‌ಮ್ಯಾಜಿಕ್ ತಂತ್ರಾಂಶದ ಲೆವೆಲ್ ಬಳಸುತ್ತೇನೆ:

```
magick page.png -colorspace Gray -level 0%,80% clean.png
```

80 ಶೇಕಡಾ ಎಂದರೆ 204. ಅದಕ್ಕಿಂತ ತಿಳಿಯಾದದ್ದು ಪೂರ್ತಿ ಬಿಳಿಯಾಗುತ್ತದೆ. 215ರ ಹೆಸರು ಹೋಗುತ್ತದೆ. 150ರ ಮೈನಸ್ 188ರ ತಿಳಿಬೂದಾಗಿ ಉಳಿಯುತ್ತದೆ. ಮಸುಕಾದರೂ ಕಣ್ಣಿಗೆ ಕಾಣುತ್ತದೆ. ಮುಖ್ಯವಾಗಿ, ಅನುಮಾನದ ಗೆರೆ ಅನುಮಾನವಾಗಿಯೇ ಕಾಣುತ್ತದೆ. ಥ್ರೆಶೋಲ್ಡ್‌ನಲ್ಲಿ ಆ ಮಸುಕೇ ಇರುವುದಿಲ್ಲ, ತಪ್ಪು ಕೂಡ ಸ್ಫುಟವಾಗಿಯೇ ಕಾಣುತ್ತದೆ.

ಬಣ್ಣದ ಸೀಲಿಗೆ ಬೇರೆ ದಾರಿ ಇದೆ. ಕೆಂಪು ಶಾಯಿ ಕೆಂಪು ಬೆಳಕನ್ನು ಕಾಗದದ ಹಾಗೆಯೇ ಹಿಂದಿರುಗಿಸುವುದರಿಂದ, ಚಿತ್ರದ ಕೆಂಪು ಚಾನೆಲ್ ಒಂದನ್ನೇ ಬಿಡಿಸಿ ನೋಡಿದರೆ ಸೀಲು ಬಹುಪಾಲು ಕರಗಿ ಕಪ್ಪು ಅಕ್ಷರ ಉಳಿಯುತ್ತದೆ. ನೀಲಿ ಸೀಲಿಗೆ ನೀಲಿ ಚಾನೆಲ್. ಇದಕ್ಕೆ ಪುಟ ಬಣ್ಣದಲ್ಲೇ ಸ್ಕ್ಯಾನ್ ಆಗಿರಬೇಕು. ಫೈಲ್ ಚಿಕ್ಕದಾಗಲಿ ಎಂದು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಕಳಿಸುವ ಉಪಕಾರಿಗಳಿಗೆ ಇದನ್ನು ತಿಳಿಸುವುದೇ ಒಂದು ಕೆಲಸ.

ಎಲ್ಲಕ್ಕೂ ಮೊದಲು ನೋಡಬೇಕಾದದ್ದು ಪಿಡಿಎಫ್ ಯಾವ ಬಗೆಯದು ಎಂಬುದನ್ನು. ನಾನು ಅದನ್ನು ಕೊನೆಗೆ ಕಲಿತೆ.

```
pdfimages -list paper.pdf
```

ಪ್ರತಿ ಪುಟಕ್ಕೂ ಪುಟದಷ್ಟೇ ದೊಡ್ಡ ಚಿತ್ರ ಇದ್ದರೆ ಅದು ಸ್ಕ್ಯಾನ್. ಮುದ್ರೆಯನ್ನು ಆಮೇಲೆ ಪದರವಾಗಿ ಹಾಕಿರದಿದ್ದರೆ, ಅದು ಚಿತ್ರದೊಳಗೇ ಬೆರೆತಿದೆ ಎಂದರ್ಥ. ಅಂಥ ಚಿತ್ರ ಇಲ್ಲದಿದ್ದರೆ ಪುಟ ಅಕ್ಷರಗಳಿಂದಲೇ ಆದದ್ದು. ವಾಟರ್‌ಮಾರ್ಕ್ ಸಾಮಾನ್ಯವಾಗಿ ಬೇರೆಯೇ ವಸ್ತುವಾಗಿ ಕುಳಿತಿರುತ್ತದೆ. ಅದನ್ನು ಎತ್ತಿ ಬದಿಗಿಟ್ಟರೆ ಪ್ರಶ್ನೆಯ ಒಂದು ಚುಕ್ಕೆಯೂ ಅಲುಗುವುದಿಲ್ಲ. ಪುಟದ ಪಠ್ಯವನ್ನು ಮೌಸಿನಿಂದ ಆಯ್ದು ನೋಡಿ ನಿರ್ಧರಿಸುವುದು ಸಾಲದು, ಏಕೆಂದರೆ ಒಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರಗಳನ್ನು ಯಂತ್ರವೇ ಓದಿ ಪಠ್ಯವಾಗಿಸುವ ಕೆಲಸ, ಮಾಡಿದ ಸ್ಕ್ಯಾನಿನಲ್ಲೂ ಚಿತ್ರದ ಹಿಂದೆ ಅಡಗಿದ ಪಠ್ಯವಿರುತ್ತದೆ.

ಜಾಹೀರಾತು ಪಟ್ಟಿಯನ್ನು ಚಿತ್ರದಲ್ಲಿ ಅಳಿಸಲು ಹೋಗುವುದಿಲ್ಲ. ಎಲ್ಲ ಪುಟಗಳಲ್ಲೂ ಅದೇ ಎತ್ತರದಲ್ಲಿ ಅದೇ ಸಾಲು ಬರುತ್ತಿದ್ದರೆ ಅದು ಪ್ರಶ್ನೆಯಲ್ಲ ಎಂದು ಹಿಡಿದು, ಪಠ್ಯ ಬಂದ ಮೇಲೆ ತೆಗೆಯುತ್ತೇವೆ. ಪುಟದ ಕೊನೆಯಲ್ಲಿ ತುಂಡಾದ ಪ್ರಶ್ನೆಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಪ್ರಶ್ನೆ ಈ ಪುಟದಲ್ಲಿ, ಆಯ್ಕೆಗಳು ಆ ಪುಟದಲ್ಲಿ ಇದ್ದಾಗ ಫೋನ್ ನಂಬರು ನಡುವೆ ನುಸುಳಿ ಮೊದಲ ಆಯ್ಕೆಯಾಗಿ ಬಿಡುತ್ತದೆ.

ಲೆವೆಲ್ ಕಲಿತ ಜಂಬದಲ್ಲಿ ಇನ್ನೊಂದು ಏಟು ತಿಂದೆ. ಎಸ್‌ಎಸ್‌ಎಲ್‌ಸಿ ಗಣಿತದ ಪ್ರಶ್ನೆ: ಚೌಕದೊಳಗೆ ವೃತ್ತ, ‘ಛಾಯೆಗೊಳಿಸಿದ ಭಾಗದ ವಿಸ್ತೀರ್ಣ ಕಂಡುಹಿಡಿಯಿರಿ’. ಆ ಛಾಯೆಯೂ 210ರ ತಿಳಿಬೂದು. ತೊಳೆದ ಪ್ರತಿಯಲ್ಲಿ ಚೌಕವಿತ್ತು, ವೃತ್ತವಿತ್ತು, ಛಾಯೆ ಮಾತ್ರ ಇರಲಿಲ್ಲ. ಯಂತ್ರಕ್ಕೆ ಮುದ್ರೆಯೂ ಛಾಯೆಯೂ ಒಂದೇ ಬೂದು. ಅಂದಿನಿಂದ ತೊಳೆದ ಪ್ರತಿಯನ್ನು ಒಸಿಆರ್‌ಗೆ ಮಾತ್ರ ಕೊಡುತ್ತೇವೆ. ಚಿತ್ರಗಳನ್ನು ಮೂಲದಿಂದಲೇ ಕತ್ತರಿಸುತ್ತೇವೆ, ತಿದ್ದುಪಡಿ ನೋಡುವವರ ಮುಂದೆ ಮೂಲ ಪುಟವೇ ಇರುತ್ತದೆ. ಮುದ್ರೆ ಹಾದ ಪ್ರಶ್ನೆಗಳ ಸಂಖ್ಯೆಯನ್ನು ಅಂಚಿನಲ್ಲಿ ಬರೆದಿಡುತ್ತೇವೆ. ಮಾಸ್ಟ್ರು ಅವನ್ನು ಓದುವುದಿಲ್ಲ, ಬಿಡಿಸುತ್ತಾರೆ. ಓದುವಾಗ ತಪ್ಪಿಸಿಕೊಂಡ ಮೈನಸ್ ಲೆಕ್ಕ ಬಿಡಿಸುವಾಗ ಕೈಗೆ ಸಿಗುತ್ತದೆ.

ಮುದ್ರೆ ತೆಗೆಯುವ ಮುನ್ನ ಅದು ಯಾರದೆಂದೂ ಬರೆದಿಡುತ್ತೇವೆ. ಪರೀಕ್ಷಾ ಮಂಡಳಿಯ ಪ್ರಶ್ನೆಯ ಮೇಲೆ ಕೋಚಿಂಗ್ ಸಂಸ್ಥೆ ಮುದ್ರೆ ಒತ್ತುವುದು ಒಂದು, ಸಂಸ್ಥೆ ತಾನೇ ತಯಾರಿಸಿದ ಮಾದರಿ ಪತ್ರಿಕೆಗೆ ಮುದ್ರೆ ಒತ್ತುವುದು ಇನ್ನೊಂದು. ಎರಡನೆಯದನ್ನು ನಾವು ತೊಳೆಯುವುದೂ ಇಲ್ಲ, ಬಳಸುವುದೂ ಇಲ್ಲ.

ಮುದ್ರೆಯೂ ಗೆರೆಯೂ ಒಂದೇ ಬೂದಿನಲ್ಲಿದ್ದರೆ ಯಾವ ಆಜ್ಞೆಯೂ ನಡೆಯುವುದಿಲ್ಲ. ಆಗ ಅದೇ ಪತ್ರಿಕೆಯ ಇನ್ನೊಂದು ಪ್ರತಿ ಹುಡುಕುತ್ತೇವೆ. ಬೇರೆಯವರ ಮುದ್ರೆ ಬೇರೆ ಜಾಗದಲ್ಲಿ ಬಿದ್ದಿರುತ್ತದೆ. ಸಿಇಟಿಯಲ್ಲಿ ವರ್ಷನ್ ಕೋಡ್ ಬೇರೆಯಾದರೆ ಪ್ರಶ್ನೆಗಳ ಕ್ರಮವೂ ಬೇರೆ, ಹಾಗಾಗಿ ಪ್ರಶ್ನೆ ಸಂಖ್ಯೆ ನಂಬದೆ ವಾಕ್ಯ ಹಿಡಿದು ಹುಡುಕಬೇಕು. ಹೀಗೆ ಹುಡುಕಿಯೂ ಸಿಗದ ಹನ್ನೊಂದು ಪ್ರಶ್ನೆಗಳು ಈಗ ನನ್ನ ಮೇಜಿನ ಮೇಲಿವೆ. ಒಂದರಲ್ಲಿ ಹತ್ತರ ಘಾತದ ಮೇಲೆಯೇ ಸೀಲು ಕುಳಿತಿದೆ. ಎಲೆಕ್ಟ್ರಾನಿನ ಆವೇಶವಾಗಿದ್ದರೆ −19 ಎಂದು ಕಣ್ಣು ಮುಚ್ಚಿ ತುಂಬಬಹುದಿತ್ತು. ಇದು ಯಾವುದೋ ಸುರುಳಿಯ ಪ್ರೇರಕತ್ವ, ಏನು ಬೇಕಾದರೂ ಇರಬಹುದು. ಜಾಗ ಖಾಲಿ ಬಿಟ್ಟಿದ್ದೇನೆ.