ಕಾಂಚೀಪುರದ ಮಗ್ಗದೆದುರು ಮೊಬೈಲಿನ ಚಿತ್ರಗಳು

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ವಾಲಾಜಾಪೇಟೆಯ ನಂತರ ಹೆದ್ದಾರಿಯಿಂದ ಒಳಕ್ಕೆ ಹೊರಳಿದರೆ ಕಾಂಚೀಪುರ. ಮನೆಯ ಮದುವೆಗೆಂದು ಚಿಕ್ಕಮ್ಮ ಮೊಬೈಲಿಗೆ ತರಿಸಿಕೊಂಡಿದ್ದ ಮೂರು ಸೀರೆಗಳ ಚಿತ್ರಗಳು ನಮ್ಮ ಬಳಿ ಇದ್ದವು. ಮೂರನ್ನೂ ‘ಅಪ್ಪಟ ಕಾಂಚೀಪುರಂ, ಅಸಲಿ ಜರಿ’ ಎಂದೇ ಕರೆದಿದ್ದರು, ಬೆಲೆಯಲ್ಲಿ ಮಾತ್ರ ಅಜಗಜಾಂತರವಿತ್ತು. ಚಿತ್ರದಿಂದಲೇ ಎಷ್ಟನ್ನು ತಿಳಿಯಬಹುದು ಎಂಬುದನ್ನು ಮಗ್ಗದ ಎದುರೇ ನೋಡಿಬಿಡೋಣವೆಂದು ಗಾಂಧಿ ರಸ್ತೆಯ ಅಂಗಡಿಗಳನ್ನು ಹಿಂದೆ ಬಿಟ್ಟು, ನೇಕಾರರ ಮನೆಗಳಿರುವ ಪಿಳ್ಳೈಯಾರ್‌ಪಾಳ್ಯಕ್ಕೆ ಹೋದೆವು.

ಅಲ್ಲಿನ ಒಂದು ಮನೆಯಲ್ಲಿ ಹಸಿರು ಅಂಚಿನ ಕುಂಕುಮ ಬಣ್ಣದ ಸೀರೆಯೊಂದು ಮಗ್ಗದ ಮೇಲಿತ್ತು. ಅದರ ರೇಷ್ಮೆ ನೂಲು ನಮ್ಮ ಕರ್ನಾಟಕದಿಂದಲೇ ಬಂದದ್ದೆಂದೂ ಜರಿ ಸೂರತ್ತಿನದೆಂದೂ ಹಿರಿಯ ನೇಕಾರರು ಹೇಳಿದರು. ಒಡಲಿಗೊಂದು, ಎರಡು ಅಂಚುಗಳಿಗೆ ಒಂದೊಂದರಂತೆ ಮೂರು ಲಾಳಿಗಳು ಓಡುತ್ತಿದ್ದವು. ಒಬ್ಬರಿಂದ ಆಗದ ಕೆಲಸವಾದ್ದರಿಂದ ಪಕ್ಕದಲ್ಲಿ ಇನ್ನೊಬ್ಬರು ಕುಳಿತಿದ್ದರು. ಒಡಲಿನ ಅಡ್ಡನೂಲಾದ ಹೊಕ್ಕು ಅಂಚಿನವರೆಗೆ ಬಂದು, ಅಂಚಿನ ಹೊಕ್ಕಿನೊಂದಿಗೆ ಕೊಂಡಿ ಹಾಕಿಕೊಂಡು ಹಿಂದಿರುಗುತ್ತದೆ. ಈ ಜೋಡಣೆಗೆ ಅವರು ಕೋರ್ವೈ ಎನ್ನುತ್ತಾರೆ. ಒಡಲಿನ ಬಣ್ಣ ಅಂಚಿನೊಳಗೆ ನುಗ್ಗುವುದೇ ಇಲ್ಲವಾದ್ದರಿಂದ ಹಸಿರು ಹಸಿರಾಗಿಯೇ ಉಳಿಯುತ್ತದೆ. ಕೂಡುವ ಗೆರೆಯಲ್ಲಿ ಸಣ್ಣ ಹಲ್ಲುಗಳಂಥ ಏರುಪೇರು, ಬೆರಳಿಗೆ ಸಿಗುವ ತೆಳುವಾದ ಉಬ್ಬು ಉಳಿದುಕೊಳ್ಳುತ್ತದೆ.

ಇದನ್ನು ಕಂಡಮೇಲೆ ಮೊದಲ ಚಿತ್ರ ತಾನಾಗಿ ಬಿಚ್ಚಿಕೊಂಡಿತು. ಅದರಲ್ಲೂ ಅಂಚು ಹಸಿರೇ, ಆದರೆ ದೊಡ್ಡದು ಮಾಡಿ ನೋಡಿದರೆ ಹಸಿರಿನಲ್ಲಿ ಒಡಲಿನ ಕೆಂಪು ಬೆರೆತು ಮಂಕಾಗಿತ್ತು. ಒಂದೇ ಹೊಕ್ಕು ಈ ತುದಿಯಿಂದ ಆ ತುದಿಯವರೆಗೆ ಹಾಯ್ದಿದೆ ಎಂಬುದಕ್ಕೆ ಅದೇ ಗುರುತು. ಹೀಗೆ ನೇಯ್ದ ಸೀರೆ ರೇಷ್ಮೆಯದಲ್ಲ ಎಂದೇನೂ ಇದರಿಂದ ತೀರ್ಮಾನಿಸುವಂತಿಲ್ಲ. ಅದು ಕೋರ್ವೈ ಅಲ್ಲ, ಕೋರ್ವೈಯ ಬೆಲೆಯನ್ನು ಕೇಳುವಂತಿಲ್ಲ, ಅಷ್ಟೇ.

ರೇಷ್ಮೆಯ ವಿಚಾರ ಇನ್ನೂ ಸೂಕ್ಷ್ಮ. ಹಾಸಿಗೂ ಹೊಕ್ಕಿಗೂ ಬೇರೆ ಬೇರೆ ಬಣ್ಣವಿರುವ ಸೀರೆಯನ್ನು ಬಾಗಿಲ ಬೆಳಕಿನಲ್ಲಿ ಹೊರಳಿಸಿದಾಗ ಮಡಿಕೆಯ ಬಣ್ಣವೇ ಬದಲಾಗುತ್ತದೆ, ಪಾಲಿಯೆಸ್ಟರ್‌ನ ಹೊಳಪಿನಲ್ಲಿ ಸಾಮಾನ್ಯವಾಗಿ ಬಿಳಿಯ ಅಂಶ ಹೆಚ್ಚು. ಆದರೆ ಫ್ಲ್ಯಾಶ್ ಬಳಸಿ ತೆಗೆದ ಚಿತ್ರದಲ್ಲಿ ಎರಡೂ ಒಂದೇ ರೀತಿ ಮಿನುಗುತ್ತವೆ, ಎರಡು ಬಣ್ಣದ ಪಾಲಿಯೆಸ್ಟರ್ ಸೀರೆಗಳೂ ಉಂಟು. ಖಚಿತವಾಗಬೇಕಿದ್ದರೆ ಕುಚ್ಚಿನ ಬಳಿಯ ಒಂದೆಳೆ ನೂಲನ್ನು ಸುಡಬೇಕು: ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದೊಡನೆ ಆರಿ, ಬೆರಳಿಗೆ ಪುಡಿಯಾಗುವ ಕಪ್ಪು ಬೂದಿ ಉಳಿದರೆ ರೇಷ್ಮೆ; ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ನಾವು ಹೆಚ್ಚು ಹೊತ್ತು ಕಳೆದದ್ದು ಜರಿಯ ಮೇಲೆ. ಅಸಲಿ ಜರಿಯಲ್ಲಿ ರೇಷ್ಮೆ ನೂಲಿನ ಮೇಲೆ ಚಪ್ಪಟೆ ಮಾಡಿದ ಬೆಳ್ಳಿ ತಂತಿಯನ್ನು ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ನಮ್ಮ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಬೆಳ್ಳಿ ಶೇ 65 ಇದ್ದರೆ ಚಿನ್ನ ಶೇ 0.65 ಮಾತ್ರ ಎಂಬುದನ್ನು ನೆನೆದರೆ, ‘ಚಿನ್ನದ ಜರಿ’ ಎಂದು ನಾವು ಹೊಗಳುವುದು ಬಹುಪಾಲು ಬೆಳ್ಳಿಯನ್ನೇ. ನಕಲಿಯಲ್ಲಿ ಬೆಳ್ಳಿಯ ಜಾಗಕ್ಕೆ ತಾಮ್ರ ಬರುತ್ತದೆ. ಇನ್ನೂ ಅಗ್ಗದ್ದರಲ್ಲಿ ಲೋಹದ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಪಟ್ಟಿ.

ಉಗುರಿನಿಂದ ಕೆರೆದಾಗ ಒಳಗೆ ಕೆಂಪು ಕಂಡರೆ ಅಸಲಿ ಎಂದು ಅಂಗಡಿಗಳಲ್ಲಿ ಹೇಳುವುದುಂಟು, ಏಕೆಂದರೆ ಒಳಗಿನ ರೇಷ್ಮೆಗೆ ಕೆಂಪು ಬಣ್ಣ ಹಾಕುವ ರೂಢಿಯಿದೆ. ಆದರೆ ತಾಮ್ರವೂ ಕೆಂಪೇ! ನೇಕಾರರು ಎರಡು ಬಗೆಯ ಜರಿಯ ತುಂಡುಗಳನ್ನು ಬಿಚ್ಚಿ ಅಂಗೈ ಮೇಲಿಟ್ಟರು. ಒಂದರಲ್ಲಿ ಬೆಳ್ಳಗಿನ ಲೋಹದ ಸುರುಳಿ ಕಳಚಿದ ಮೇಲೆ ಹೊಳಪಿಲ್ಲದ ಕೆಂಪು ನೂಲು ಉಳಿಯಿತು. ಇನ್ನೊಂದರಲ್ಲಿ ಕೆರೆದ ಲೋಹವೇ ಕೆಂಪಾಗಿ ಹೊಳೆಯಿತು. ಅದೇ ಎರಡನ್ನು ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆದು ನೋಡಿದಾಗ ವ್ಯತ್ಯಾಸವೇ ತಿಳಿಯಲಿಲ್ಲ. ನೂಲಿಗೆ ಯಾವ ಬಣ್ಣವನ್ನಾದರೂ ಹಾಕಬಹುದಾದ್ದರಿಂದ ಕೆರೆದು ನೋಡುವುದೂ ಪೂರ್ತಿ ನೆಚ್ಚುವಂಥದ್ದಲ್ಲ. ಚಿನ್ನ, ಬೆಳ್ಳಿ, ತಾಮ್ರಗಳ ಪ್ರಮಾಣವನ್ನು ಸೀರೆಗೆ ಧಕ್ಕೆಯಾಗದಂತೆ ಹೇಳುವುದು ಎಕ್ಸ್-ಕಿರಣ ಹಾಯಿಸುವ ಯಂತ್ರವೊಂದೇ.

ಎರಡನೆಯ ಚಿತ್ರದಲ್ಲಿ ಸಿಲ್ಕ್ ಮಾರ್ಕ್ ಚೀಟಿ ಎದ್ದು ಕಾಣುತ್ತಿತ್ತು, ಚಿಕ್ಕಮ್ಮನ ನಂಬಿಕೆಯೆಲ್ಲ ಅದರ ಮೇಲೆಯೇ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಆ ಗುರುತು ಸೀರೆ ಶುದ್ಧ ರೇಷ್ಮೆಯದೆಂದು ಮಾತ್ರ ಹೇಳುತ್ತದೆ, ಜರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ತಾಮ್ರದ ಜರಿಯ ರೇಷ್ಮೆ ಸೀರೆಗೂ ಅದು ನ್ಯಾಯವಾಗಿಯೇ ಸಲ್ಲುತ್ತದೆ.

ಮೂರನೆಯ ಚಿತ್ರದಲ್ಲಿ ಅಂಚಿನ ಹಸಿರು ಶುದ್ಧವಾಗಿತ್ತು, ಹಲ್ಲುಗೆರೆಯೂ ಸ್ಪಷ್ಟವಿತ್ತು. ಅಂಚಿನ ಒಳಮೈಯನ್ನೂ, ಸೆರಗು ಒಡಲಿಗೆ ಸೇರುವ ಜಾಗವನ್ನೂ ಫ್ಲ್ಯಾಶ್ ಇಲ್ಲದೆ ಹಗಲಿನಲ್ಲಿ ತೆಗೆದು ಕಳಿಸಲು ಆ ಮಾರಾಟಗಾರರನ್ನು ಅಲ್ಲಿಂದಲೇ ಕೇಳಿಕೊಂಡೆವು. ಜರಿಯಲ್ಲಿ ಬೆಳ್ಳಿ ಎಷ್ಟೆಂಬುದನ್ನು ರಸೀದಿಯಲ್ಲೇ ಬರೆದುಕೊಡುವುದಾದರೆ ಮಾತ್ರ ಮುಂಗಡ ಕೊಡುವುದೆಂದು ಚಿಕ್ಕಮ್ಮನೂ ಒಪ್ಪಿದರು.